ಟಿಪ್ಪಣಿಯ ಅಂಚಿನ ಷರಾ

ಶಾಖೆಯ ಕಿರಿಯ ಅಧಿಕಾರಿಯು ಬರೆದು ಕಳುಹಿಸಿದ ಸಾಲದ ಟಿಪ್ಪಣಿಯನ್ನು ಪರಿಶೀಲಿಸುವವನು ಅದರ ಅಂಚಿನಲ್ಲಿ ಬರೆಯುವ ಷರಾ ಎರಡು ಕೆಲಸಗಳನ್ನು ಏಕಕಾಲಕ್ಕೆ ಮಾಡಬೇಕಾಗುತ್ತದೆ: ಠೇವಣಿದಾರರ ಹಣವನ್ನು ಕಾಯುವುದು ಒಂದು, ಮುಂದಿನ ಟಿಪ್ಪಣಿಯನ್ನು ಇದಕ್ಕಿಂತ ಚೆನ್ನಾಗಿ ಬರೆಯುವ ಶಕ್ತಿಯನ್ನು ಆ ಕಿರಿಯನಲ್ಲಿ ಉಳಿಸುವುದು ಮತ್ತೊಂದು. ಕೊಚ್ಚಿಯ ವಲಯ ಕಚೇರಿಯ ಸಾಲ ವಿಭಾಗದಲ್ಲಿ ಕುಳಿತು ತಿರುವನಂತಪುರದ ಶಾಖೆಗಳ ಕಡತಗಳನ್ನು ನೋಡುತ್ತಿದ್ದ ಕಾಲದಲ್ಲಿ, ಈ ಎರಡನೆಯ ಕೆಲಸವನ್ನು ಕೆಲಸವೆಂದೇ ಎಣಿಸದ ಒಬ್ಬ ಮೇಲಧಿಕಾರಿಯ ಕೈಕೆಳಗೆ ನಾನಿದ್ದೆನು. ಆ ಕಹಿ ಇನ್ನೂ ಆರಿಲ್ಲವಾದುದರಿಂದಲೇ ಇದನ್ನು ಬರೆಯುತ್ತಿರುವೆನು.

ಪ್ರಸ್ತಾವನೆ ತಿರುವನಂತಪುರದ ಚಾಲ ಪೇಟೆಯ ಅಕ್ಕಿ ಸಗಟು ವ್ಯಾಪಾರಿಯೊಬ್ಬರದು. ಹಿಂದಿನ ವರ್ಷ 180 ಲಕ್ಷ ರೂಪಾಯಿ ಮಾರಾಟ ಮಾಡಿದ್ದ ಅವರು ಈ ವರ್ಷ 240 ಲಕ್ಷವಾಗುವುದೆಂದು ಅಂದಾಜು ಕೊಟ್ಟು ಕ್ಯಾಶ್ ಕ್ರೆಡಿಟ್ ಕೇಳಿದ್ದರು. ಟಿಪ್ಪಣಿ ಬರೆದವಳು ಮಂಜೇಶ್ವರದ ಕಡೆಯ, ಕೆಲಸಕ್ಕೆ ಸೇರಿ ಬಹುಕಾಲವಾಗದ ಒಬ್ಬ ತರುಣಿ. ರಿಸರ್ವ್ ಬ್ಯಾಂಕು 1991ರಲ್ಲಿ ನೇಮಿಸಿದ ಪಿ.ಆರ್. ನಾಯಕ್ ಸಮಿತಿಯು ಸಣ್ಣ ಉದ್ಯಮಗಳಿಗಾಗಿ ಸೂಚಿಸಿದ ಸೂತ್ರವನ್ನು ಅವಳು ಅನ್ವಯಿಸಿದ್ದಳು: ಅಂದಾಜು ಮಾರಾಟದ ಶೇಕಡಾ 25ರಷ್ಟು ದುಡಿಯುವ ಬಂಡವಾಳ ಬೇಕು, ಅದರಲ್ಲಿ ಮಾರಾಟದ ಶೇಕಡಾ 5ರಷ್ಟನ್ನು ವ್ಯಾಪಾರಿ ತರಬೇಕು, ಶೇಕಡಾ 20ನ್ನು ಬ್ಯಾಂಕು ಕೊಡಬಹುದು. ಹಾಗಾಗಿ 48 ಲಕ್ಷ. ಲೆಕ್ಕದಲ್ಲಿ ದೋಷವಿರಲಿಲ್ಲ, ದೋಷವಿದ್ದುದು 240 ಎಂಬ ಮೊದಲ ಅಂಕೆಯನ್ನು ಪರೀಕ್ಷಿಸದೆ ಅಂಗೀಕರಿಸಿದುದರಲ್ಲಿ. ಅವಳೇ ಲಗತ್ತಿಸಿದ್ದ ಜಿಎಸ್‌ಟಿ ವಿವರಗಳಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಮಾರಾಟ 92 ಲಕ್ಷವಷ್ಟೆ. ಅದನ್ನು ಇಮ್ಮಡಿಸಿದರೆ 184 ಲಕ್ಷ. ಓಣಂ ಹಬ್ಬದ ಭರಾಟೆಯೆಲ್ಲ ಆ ಆರು ತಿಂಗಳೊಳಗೇ ಮುಗಿದಿದ್ದುದರಿಂದ ಅದೂ ಉದಾರವಾದ ಎಣಿಕೆಯೇ.

ಎರಡನೆಯ ದೋಷ ದಾಸ್ತಾನಿನದು. ಗೋದಾಮಿನಲ್ಲಿ 40 ಲಕ್ಷದ ಅಕ್ಕಿ ಇತ್ತು. ಆದರೆ ಅದರಲ್ಲಿ 14 ಲಕ್ಷದ ಮಾಲಿಗೆ ಗಿರಣಿಯವರಿಗೆ ಇನ್ನೂ ಹಣ ಸಂದಿರಲಿಲ್ಲ. ಹಣ ಕೊಡದ ಮಾಲಿನ ಮೇಲೆ ಬ್ಯಾಂಕು ಸಾಲ ಕೊಟ್ಟರೆ, ಒಂದೇ ಮೂಟೆಗೆ ಗಿರಣಿಯೂ ನಾವೂ ಇಬ್ಬರೂ ಹಣ ಹೂಡಿದಂತಾಗುತ್ತದೆ. 26 ಲಕ್ಷದಿಂದ ಶೇಕಡಾ 25ರ ಮಾರ್ಜಿನ್ ಕಳೆದರೆ ಹತ್ತೊಂಬತ್ತೂವರೆ, ಬರಬೇಕಾದ ಉದ್ರಿ 16 ಲಕ್ಷದಿಂದ ಹಾಗೆಯೇ ಕಳೆದರೆ 12, ಒಟ್ಟು 31.5 ಲಕ್ಷದ ಡ್ರಾಯಿಂಗ್ ಪವರ್. ಅವಳ ಟಿಪ್ಪಣಿಯಲ್ಲಿ ಅದು 42 ಆಗಿತ್ತು.

ಇನ್ನು ಆ ದಿನದ ಮಾತು. ತಿಂಗಳ ಪರಿಶೀಲನಾ ಸಭೆ ಪರದೆಯ ಮೂಲಕ ನಡೆಯುತ್ತಿತ್ತು. ಶಾಖೆಗಳ ವ್ಯವಸ್ಥಾಪಕರೆಲ್ಲ ಕೂಡಿದ್ದರು, ಕೆಲವು ಶಾಖೆಗಳಿಂದ ಕಿರಿಯ ಅಧಿಕಾರಿಗಳೂ ಇದ್ದರು. ನಮ್ಮ ಮೇಲಧಿಕಾರಿಯು ಆ ಟಿಪ್ಪಣಿಯನ್ನು ಎತ್ತಿಕೊಂಡು, ಅವಳ ಹೆಸರನ್ನು ಉಚ್ಚರಿಸಿ, ವಾಕ್ಯವಾಕ್ಯವಾಗಿ ಓದತೊಡಗಿದರು. ‘ಮಾರಾಟವು ಗಣನೀಯವಾಗಿ ವೃದ್ಧಿಸುವ ನಿರೀಕ್ಷೆಯಿದೆ’ ಎಂಬಲ್ಲಿ ನಿಲ್ಲಿಸಿ, “ಯಾರ ನಿರೀಕ್ಷೆ? ನಿಮ್ಮದೋ, ಗಿರಾಕಿಯದೋ?” ಎಂದರು. ಅವಳು ಏನೋ ಹೇಳಲು ಬಾಯಿ ತೆರೆದಳು, “ಸರ್, ಅವರಿಗೆ ಹಾಸ್ಟೆಲಿನ...” ಎನ್ನುವಷ್ಟರಲ್ಲಿ, “ಇದನ್ನು ಬರೆದವರು ಬ್ಯಾಂಕಿನ ಪರೀಕ್ಷೆ ಹೇಗೆ ಪಾಸಾದರೋ!” ಎಂಬ ಮಾತು ಬಂದಿತು. ಒಂದಿಬ್ಬರು ನಕ್ಕರು. ಪರದೆಯ ಆ ಸಣ್ಣ ಚೌಕದಲ್ಲಿ ಅವಳ ಮುಖ ಕೆಳಗೆ ಬಾಗಿತು, ಆಮೇಲೆ ಚೌಕವೇ ಕಪ್ಪಾಯಿತು. ಅವಳ ಶಾಖೆಯ ವ್ಯವಸ್ಥಾಪಕರು ಪಕ್ಕದಲ್ಲೇ ಕುಳಿತಿದ್ದವರು, ಟಿಪ್ಪಣಿಗೆ ತಾವೂ ಸಹಿ ಹಾಕಿದ್ದವರು, ಒಂದು ಮಾತನ್ನೂ ಆಡಲಿಲ್ಲ. ಸಭೆ ಮುಗಿದ ಮೇಲೆ ‘ಟಿಪ್ಪಣಿ ಅಸಮರ್ಪಕ, ಪುನಃ ಸಲ್ಲಿಸತಕ್ಕದ್ದು’ ಎಂದು ಷರಾ ಬರೆದು ಕಳುಹಿಸುವಂತೆ ನನಗೆ ಆಜ್ಞೆಯಾಯಿತು.

ಅಂಥ ಷರಾದ ಫಲವೇನೆಂಬುದು ಮುಂದಿನ ಕಡತದಲ್ಲಿ ಕಾಣುತ್ತದೆ, ಮತ್ತು ಕಾಣುವ ರೀತಿ ವಿಶಿಷ್ಟವಾದುದು. ಪುಟಗಳು ಹೆಚ್ಚುತ್ತವೆ, ಅಭಿಪ್ರಾಯಗಳು ಕಡಮೆಯಾಗುತ್ತವೆ. ಹಿಂದೆ ಮಂಜೂರಾದ ಯಾವುದೋ ಟಿಪ್ಪಣಿಯ ವಾಕ್ಯಗಳು ಯಥಾವತ್ತಾಗಿ ಬರುತ್ತವೆ, ‘ಶಿಫಾರಸು ಮಾಡಲಾಗಿದೆ’ ಎಂಬಲ್ಲಿ ‘ಮೇಲಧಿಕಾರಿಗಳ ಪರಿಶೀಲನೆಗಾಗಿ ಸಲ್ಲಿಸಲಾಗಿದೆ’ ಎಂದಾಗುತ್ತದೆ. ಸಭೆಯ ನಂತರ ಅವಳು ಬೇರೊಬ್ಬ ಗಿರಾಕಿಯ ವಿಷಯವಾಗಿ ಕಳುಹಿಸಿದ ಟಿಪ್ಪಣಿ ಹೀಗೆಯೇ ಇತ್ತು. ಮೃದುತ್ವದಿಂದ ಆಗುವ ಹಾನಿಯೂ ಇದಕ್ಕಿಂತ ಕಿರಿದಲ್ಲ. ಅವಳ ವ್ಯವಸ್ಥಾಪಕರು ಮೊದಲೇ “ಚೆನ್ನಾಗಿದೆ, ಕಳುಹಿಸಿಬಿಡಮ್ಮ” ಎಂದು ಬೆನ್ನು ತಟ್ಟಿದ್ದರಿಂದಲೇ ಆ 240 ಎಂಬ ಅಂಕೆ ಪ್ರಶ್ನೆಯಿಲ್ಲದೆ ಕೊಚ್ಚಿಯವರೆಗೆ ಬಂದುದು.

ನಾನು ಆ ಷರಾವನ್ನು ಕಳುಹಿಸಲಿಲ್ಲ. ಕಡತವನ್ನು ಹಿಡಿದು ಬೆಳಗಿನ ವಂಚಿನಾಡ್ ಎಕ್ಸ್‌ಪ್ರೆಸ್ ಹತ್ತಿ ತಿರುವನಂತಪುರಕ್ಕೆ ಹೋಗುತ್ತ, ದಾರಿಯಲ್ಲಿ ನನ್ನ ಮಾತುಗಳನ್ನು ಬರೆದು ಹೊಡೆದು ಮತ್ತೆ ಬರೆದೆನು. ‘ಅಂದಾಜು ಅವಾಸ್ತವಿಕ’ ಎಂದು ಮೊದಲು ಬರೆದುದು ಸತ್ಯವೇ ಆದರೂ, ಅದರಿಂದ ಅವಳು ಏನು ಮಾಡಬೇಕೆಂಬುದು ತಿಳಿಯದು. ಅದನ್ನು ‘ಆರು ತಿಂಗಳ ಜಿಎಸ್‌ಟಿ 92 ಲಕ್ಷ, ಓಣಂ ಸೇರಿ, 240 ತಲುಪಲು ಉಳಿದ ಆರು ತಿಂಗಳಲ್ಲಿ 148 ಲಕ್ಷ ಬೇಕು, ಅದು ಎಲ್ಲಿಂದ ಬರುವುದು?’ ಎಂದು ತಿದ್ದಿದೆನು. ದಾಸ್ತಾನಿನ ವಿಷಯದಲ್ಲಿ ತಿದ್ದುವ ದಾರಿ ಅವಳ ಟಿಪ್ಪಣಿಯಲ್ಲೇ ದೊರಕಿತು. ಮುನ್ಸೂಚನೆ ಕೊಡದೆ ಎರಡು ಬೇರೆ ದಿನ ಗೋದಾಮಿಗೆ ಹೋಗಿ, ಮೂಟೆಗಳನ್ನು ಎಣಿಸಿ, ದಾಸ್ತಾನು ಪುಸ್ತಕಕ್ಕೆ ತಾಳೆ ನೋಡಿ ಅವಳು ಬರೆದ ವರದಿ, ಆ ವರ್ಷ ನಾನು ನೋಡಿದ ಭೇಟಿ ವರದಿಗಳಲ್ಲಿ ಅತ್ಯುತ್ತಮವಾದುದು. ಗಿರಣಿಯವರಿಗೆ ಕೊಡಬೇಕಾದ 14 ಲಕ್ಷವೂ ಅವಳ ಅನುಬಂಧದಲ್ಲೇ ಇತ್ತು. ಎರಡು ಪುಟಗಳು ಒಂದನ್ನೊಂದು ಸಂಧಿಸಿರಲಿಲ್ಲವಷ್ಟೆ.

ಶಾಖೆಯ ಹಿಂದಿನ ಸಣ್ಣ ಕೊಠಡಿಯಲ್ಲಿ, ಬೇರೆ ಯಾರೂ ಇಲ್ಲದಾಗ, ಮೊದಲಿಗೇ ಹೇಳಿದೆನು: “48 ಲಕ್ಷ ಸಿಗಲಾರದು, ಅದು ಬದಲಾಗುವುದಿಲ್ಲ. ಆದರೆ ಈ ಗೋದಾಮಿನ ವರದಿ ನನಗೆ ತುಂಬ ಉಪಯೋಗವಾಯಿತು. ಇದರ ಪಕ್ಕದಲ್ಲಿ ಅನುಬಂಧದ ಸಾಲಪಟ್ಟಿ ಇಟ್ಟು ನೀವೇ ಒಮ್ಮೆ ನೋಡಿ.” ನಿರ್ಧಾರವನ್ನು ಮೊದಲು ಹೇಳದಿದ್ದರೆ, ಮೆಚ್ಚುಗೆಯ ಉದ್ದಕ್ಕೂ ಕಿರಿಯರ ಮನಸ್ಸು ಪೆಟ್ಟನ್ನು ನಿರೀಕ್ಷಿಸುತ್ತ ಏನನ್ನೂ ಕೇಳಿಸಿಕೊಳ್ಳದು. ಅವಳು ನೋಡಿದಳು, ತಾನೇ 14ನ್ನು ಕಳೆದು 31.5ಕ್ಕೆ ಬಂದಳು. 148 ಲಕ್ಷದ ಪ್ರಶ್ನೆ ಕೇಳಿದಾಗ, ಸಭೆಯಲ್ಲಿ ಅರ್ಧಕ್ಕೇ ನಿಂತ ಮಾತು ಹೊರಬಂದಿತು: “ಸರ್, ಎರಡು ಹಾಸ್ಟೆಲುಗಳಿಗೆ ಅಕ್ಕಿ ಪೂರೈಸಲು ಅವರು ಒಪ್ಪಿಕೊಂಡಿದ್ದಾರೆ. ಪತ್ರ ನೋಡಿದ್ದೇನೆ. ಲಗತ್ತಿಸುವುದು ಬೇಡವೆಂದು ಮ್ಯಾನೇಜರ್ ಸರ್ ಹೇಳಿದರು.” ಆ ಪತ್ರ ಕಡತದಲ್ಲಿ ಇದ್ದಿದ್ದರೆ ಸಭೆಯ ಆ ಪ್ರಸಂಗವೇ ನಡೆಯುತ್ತಿರಲಿಲ್ಲವೆಂಬುದನ್ನು ನೆನೆದರೆ ಈಗಲೂ ನನಗೆ ಕೋಪ ಬರುತ್ತದೆ.

ಪತ್ರ ಬಂದರೂ ನಾನು ಅಂಕೆಯನ್ನು ಏರಿಸಲಿಲ್ಲ. ಒಪ್ಪಿಗೆ ಇನ್ನೂ ಮಾರಾಟವಾಗಿರಲಿಲ್ಲ, ಮತ್ತು ನೊಂದವಳನ್ನು ಸಂತೈಸಲೆಂದು ಮಿತಿಯನ್ನು ಹೆಚ್ಚಿಸುವುದು ಅವಳಿಗೂ ಬ್ಯಾಂಕಿಗೂ ಅನ್ಯಾಯ. 184 ಲಕ್ಷದ ಶೇಕಡಾ 20ರಂತೆ 36.8 ಲಕ್ಷ, ಪೂರೈಕೆ ಆರಂಭವಾಗಿ ಮೂರು ತಿಂಗಳ ಜಿಎಸ್‌ಟಿ ವಿವರ ಬಂದ ಮೇಲೆ ಪುನರ್ವಿಮರ್ಶೆ, ಎಂದು ಅವಳೇ ಹೊಸ ಟಿಪ್ಪಣಿ ಬರೆದಳು. ‘ಶಿಫಾರಸು ಮಾಡಲಾಗಿದೆ’ ಎಂಬ ಪದಗಳು ಅದರಲ್ಲಿ ಮರಳಿ ಬಂದಿದ್ದವು.

ಇತರ ಪರಿಶೀಲಕರಿಗೆ ನಾನು ಹೇಳಬಲ್ಲುದು ಸ್ವಲ್ಪ: ಪ್ರತಿಯೊಂದು ಆಕ್ಷೇಪಕ್ಕೂ ಪುಟವನ್ನೂ ಅಂಕೆಯನ್ನೂ ತೋರಿಸಿರಿ; ಮೆಚ್ಚುವುದನ್ನು ತಿದ್ದುಪಡಿಗೆ ಸಾಧನವಾಗಬಲ್ಲ ಭಾಗದಿಂದಲೇ ಆರಿಸಿರಿ; ಉತ್ತರ ಕೇಳುವವರೆಗೆ ಷರಾ ಬರೆಯಬೇಡಿರಿ. ಅಷ್ಟು ದೂರ ಹೋಗಿಬಂದುದು ಕಾಲಹರಣವೆಂದು ಮೇಲಧಿಕಾರಿಯು ನನ್ನ ಮೇಲೆ ಆಕ್ಷೇಪಿಸಿದರು. ಹೊಸ ಟಿಪ್ಪಣಿಯನ್ನು ಅವರ ಮೇಜಿನ ಮೇಲಿಟ್ಟು, ಸಹಿಯಾಗುವವರೆಗೂ ನಾನು ಅಲ್ಲಿಯೇ ನಿಂತಿದ್ದೆನು.