ನಿದ್ರೆಯ ಲೆಕ್ಕ: ಬೆಳಗಿನ ಎಚ್ಚರವೂ ಮಲಗುವ ಹೊತ್ತೂ

ಮೂಡಿಗೆರೆಯ ಸುತ್ತಣ ಕಾಫಿ ತೋಟಗಳ ನಡುವಿನಿಂದ ಶಾಲೆಗೆ ಬರುವ ವಿದ್ಯಾರ್ಥಿಯ ದಿನವು ಸೂರ್ಯೋದಯಕ್ಕೆ ಮುಂಚೆಯೇ ಆರಂಭವಾಗುತ್ತದೆ. ಜನವರಿ ತಿಂಗಳ ಕೊನೆಯಲ್ಲಿ ಇಲ್ಲಿ ಸೂರ್ಯನು ಮೂಡುವುದು ಏಳು ಗಂಟೆಗೆ ಸ್ವಲ್ಪವೇ ಮುಂಚೆ. ಬಣಕಲ್ಲಿನ ಕಡೆಯ ಒಂದು ತೋಟದಿಂದ ಬರುವ, ಹತ್ತನೆಯ ತರಗತಿಯಲ್ಲಿ ಓದುವ, ಹದಿನೈದು ವರ್ಷದ ಬಾಲಕನೊಬ್ಬನನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ತೋಟದ ಹಾದಿಯನ್ನು ನಡೆದು ಮುಗಿಸಿ ರಸ್ತೆಯಲ್ಲಿ ಬಸ್ಸು ಹಿಡಿಯಬೇಕಾದುದರಿಂದ ಅವನು ೫ ಗಂಟೆ ೩೦ ನಿಮಿಷಕ್ಕೆ ಏಳಲೇಬೇಕು. ಒಂದು ದಿನ ಅಲಾರಾಂ ಬಾರಿಸಿದೊಡನೆ ಅವನಿಗೆ ಮೈ ಹಗುರವಾಗಿ ಎಚ್ಚರವಾಗುತ್ತದೆ. ಮತ್ತೊಂದು ದಿನ ಅರ್ಧ ಗಂಟೆ ಮುಂಚಿತವಾಗಿಯೇ ಮಲಗಿದ್ದರೂ ತಲೆ ಭಾರವಾಗಿ, ಹಾಸಿಗೆಯನ್ನು ಬಿಟ್ಟೇಳುವುದೇ ದುಸ್ತರವಾಗುತ್ತದೆ.

ಈ ವ್ಯತ್ಯಾಸಕ್ಕೆ ಪರಿಹಾರವೆಂದು ಒಂದು ಸೂತ್ರವು ಇಂದು ವಿದ್ಯಾರ್ಥಿಗಳಲ್ಲಿ ಪ್ರಚಾರದಲ್ಲಿದೆ. ನಿದ್ರೆಯು ೯೦ ನಿಮಿಷಗಳ ಚಕ್ರಗಳಾಗಿ ಸಾಗುತ್ತದೆ. ಒಂದು ಚಕ್ರ ಮುಗಿಯುವ ಹೊತ್ತಿಗೆ ಎದ್ದರೆ ಎಚ್ಚರ ಸುಲಭ, ಚಕ್ರದ ನಡುವೆ ಎದ್ದರೆ ಕಷ್ಟ. ಆದುದರಿಂದ ಏಳುವ ಹೊತ್ತಿನಿಂದ ೯೦ ನಿಮಿಷಗಳ ಲೆಕ್ಕದಲ್ಲಿ ಹಿಂದಕ್ಕೆ ಎಣಿಸಿ ಮಲಗುವ ಹೊತ್ತನ್ನು ಗೊತ್ತುಮಾಡಬೇಕು ಎಂಬುದೇ ಆ ಸೂತ್ರ. ಇದರಲ್ಲಿ ಸತ್ಯಾಂಶ ಉಂಟು. ಆದರೆ ಅದನ್ನು ಅಕ್ಷರಶಃ ಹಿಡಿದು ನಡೆದ ವಿದ್ಯಾರ್ಥಿಯು ಪರೀಕ್ಷೆಯ ಕಾಲದಲ್ಲಿಯೇ ನಷ್ಟಕ್ಕೆ ಗುರಿಯಾಗುವ ಸಂಭವವೂ ಉಂಟು.

ನಿದ್ರೆಯಲ್ಲಿ ಮಿದುಳು ಒಂದೇ ಸ್ಥಿತಿಯಲ್ಲಿರುವುದಿಲ್ಲವೆಂಬುದು ಅದರ ವಿದ್ಯುತ್ತರಂಗಗಳನ್ನು ಕಾಗದದ ಮೇಲೆ ದಾಖಲಿಸುವ ಯಂತ್ರ ಬಂದ ಮೇಲೆ ಸ್ಪಷ್ಟವಾಯಿತು. ೧೯೫೩ರಲ್ಲಿ ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್ಸ್ಕಿ ಮತ್ತು ನಥಾನಿಯಲ್ ಕ್ಲೈಟ್ಮನ್ ಎಂಬ ವಿಜ್ಞಾನಿಗಳು, ಮಲಗಿದವರ ಮುಚ್ಚಿದ ರೆಪ್ಪೆಯ ಒಳಗೆ ಕಣ್ಣಾಲಿಗಳು ಕೆಲಕೆಲವು ಹೊತ್ತು ವೇಗವಾಗಿ ಚಲಿಸುವುದನ್ನೂ, ಆ ಹೊತ್ತಿನಲ್ಲಿ ಎಬ್ಬಿಸಿದರೆ ಬಹುಮಂದಿ ಕನಸನ್ನು ವಿವರಿಸುವುದನ್ನೂ ಪ್ರಕಟಪಡಿಸಿದರು. ೧೯೫೭ರಲ್ಲಿ ಕ್ಲೈಟ್ಮನ್ನರೂ ಅವರ ಶಿಷ್ಯ ವಿಲಿಯಂ ಡಿಮೆಂಟರೂ ಕೂಡಿ, ಈ ಸ್ಥಿತಿಯು ರಾತ್ರಿಯಲ್ಲಿ ಸುಮಾರು ಒಂದೂವರೆ ಗಂಟೆಗೊಮ್ಮೆ ಮರಳಿ ಬರುತ್ತದೆಂದು ತೋರಿಸಿಕೊಟ್ಟರು. ಲಘುನಿದ್ರೆಯಿಂದ ಗಾಢನಿದ್ರೆಗೆ ಇಳಿದು, ಅಲ್ಲಿಂದ ಮರಳಿ ಲಘುನಿದ್ರೆಗೆ ಏರಿ, ಸ್ವಪ್ನನಿದ್ರೆಯನ್ನು ಮುಟ್ಟುವ ಈ ಏರಿಳಿತಕ್ಕೆ ನಿದ್ರಾಚಕ್ರವೆಂದು ಹೆಸರು.

ನಮ್ಮ ಹಿರಿಯರ ಕಾಲಗಣನೆಯಲ್ಲಿ ಹಗಲಿರುಳು ಸೇರಿ ಎಂಟು ಜಾವಗಳು. ಒಂದು ಜಾವಕ್ಕೆ ಏಳೂವರೆ ಗಳಿಗೆ, ಎಂದರೆ ಮೂರು ಗಂಟೆ. ಆದುದರಿಂದ ಒಂದು ಜಾವದ ನಿದ್ರೆಯಲ್ಲಿ ಸ್ಥೂಲವಾಗಿ ಎರಡು ನಿದ್ರಾಚಕ್ರಗಳು ಅಡಗುತ್ತವೆ. ಇದು ಕೇವಲ ಕಾಕತಾಳೀಯವಾದ ಹೊಂದಿಕೆಯೇ ಆದರೂ ವಿಷಯವನ್ನು ತಿಳಿಯಲು ಅನುಕೂಲವಾಗಿದೆ. ನಿದ್ರೆಯ ಮೊದಲ ಜಾವದಲ್ಲಿ ಗಾಢನಿದ್ರೆಯೇ ಪ್ರಧಾನ. ಸ್ವಪ್ನನಿದ್ರೆಯು ಮೊದಲ ಚಕ್ರದಲ್ಲಿ ಕೆಲವೇ ನಿಮಿಷಗಳಷ್ಟಿರುತ್ತದೆ. ಬೆಳಗಿನ ಜಾವದಲ್ಲಿ ಇದು ತಲೆಕೆಳಗಾಗಿ, ಗಾಢನಿದ್ರೆಯು ಬಹುಮಟ್ಟಿಗೆ ಮುಗಿದುಹೋಗಿ, ಸ್ವಪ್ನನಿದ್ರೆಯು ಒಮ್ಮೊಮ್ಮೆ ಅರ್ಧ ಗಂಟೆಗೂ ಮೀರಿ ನಡೆಯುತ್ತದೆ. ಬೆಳಗಿನ ಜಾವದ ಕನಸು ನಿಜವಾಗುತ್ತದೆಂಬ ಜನರ ನಂಬಿಕೆಗೆ ಆಧಾರವಿರಲಿ ಇಲ್ಲದಿರಲಿ, ನೆನಪಿನಲ್ಲಿ ಉಳಿಯುವ ಕನಸು ಹೆಚ್ಚಾಗಿ ಆ ಹೊತ್ತಿನದೇ ಎಂಬುದಕ್ಕೆ ಕಾರಣ ಇದು.

ಗಾಢನಿದ್ರೆಯಿಂದ ಬಲವಂತವಾಗಿ ಎಬ್ಬಿಸಲ್ಪಟ್ಟವನಿಗೆ ಮಿದುಳು ಪೂರ್ತಿಯಾಗಿ ಎಚ್ಚೆತ್ತುಕೊಳ್ಳಲು ಕಾಲು ಗಂಟೆಯಿಂದ ಅರ್ಧ ಗಂಟೆಯವರೆಗೆ, ಕೆಲವೊಮ್ಮೆ ಅದಕ್ಕೂ ಹೆಚ್ಚಾಗಿ ಬೇಕಾಗುತ್ತದೆ. ಸಂಜೆ ಪುಸ್ತಕದ ಮೇಲೆಯೇ ತೂಕಡಿಸಿ ಮಲಗಿದ ಮಗುವನ್ನು ಮುಕ್ಕಾಲು ಗಂಟೆ ಕಳೆದು ಊಟಕ್ಕೆ ಎಬ್ಬಿಸಿದ ತಾಯಂದಿರೆಲ್ಲರೂ ಈ ಮಂಪರನ್ನು ಬಲ್ಲರು. ಮಗು ಅಳುತ್ತದೆ, ದಿಕ್ಕುತಪ್ಪಿದಂತೆ ನೋಡುತ್ತದೆ, ಉಂಡದ್ದು ಮರುದಿನ ಅದಕ್ಕೆ ನೆನಪಿರುವುದಿಲ್ಲ. ತೊಂಬತ್ತು ನಿಮಿಷಗಳ ಸೂತ್ರವು ತಪ್ಪಿಸಬಯಸುವುದು ಈ ಮಂಪರನ್ನೇ.

ಈಗ ಸೂತ್ರದಂತೆ ಬಾಲಕನ ಲೆಕ್ಕವನ್ನು ಮಾಡಬಹುದು. ಏಳುವ ಹೊತ್ತು ೫:೩೦. ಐದು ಚಕ್ರಗಳೆಂದರೆ ಏಳೂವರೆ ಗಂಟೆ. ಹಿಂದಕ್ಕೆ ಎಣಿಸಿದರೆ ರಾತ್ರಿ ೧೦:೦೦. ಮಲಗಿದೊಡನೆ ನಿದ್ರೆ ಹತ್ತುವುದಿಲ್ಲವಾದುದರಿಂದ ಅದಕ್ಕೆಂದು ೧೫ ನಿಮಿಷ ಕಳೆದರೆ ೯:೪೫ಕ್ಕೆ ದೀಪ ಆರಿಸಬೇಕು. ಆರು ಚಕ್ರಗಳಾದರೆ ಒಂಬತ್ತು ಗಂಟೆಗಳ ನಿದ್ರೆ. ಆಗ ೮:೧೫ಕ್ಕೇ ಮಲಗಬೇಕು. ಈ ಎರಡರ ನಡುವೆ, ಎಂದರೆ ೯:೦೦ಕ್ಕೆ, ಮಲಗುವುದು ಸೂತ್ರದ ಪ್ರಕಾರ ದೋಷ. ಏಕೆಂದರೆ ಎಚ್ಚರವು ಆರನೆಯ ಚಕ್ರದ ನಟ್ಟನಡುವೆ ಬೀಳುತ್ತದೆ. ಹೀಗಾಗಿ ಎಂಟೂಕಾಲು ಗಂಟೆ ನಿದ್ರಿಸಬಹುದಾಗಿದ್ದ ಬಾಲಕನು ಏಳೂವರೆ ಗಂಟೆಯನ್ನೇ ಆರಿಸಿಕೊಳ್ಳುತ್ತಾನೆ. ಸೂತ್ರವು ದಾರಿ ತಪ್ಪಿಸುವುದು ಇಲ್ಲಿಯೇ.

ಮೊದಲನೆಯದಾಗಿ, ೯೦ ಎಂಬುದು ಸರಾಸರಿಯ ಸಮೀಪದ ಒಂದು ದುಂಡು ಸಂಖ್ಯೆ ಮಾತ್ರ. ಚಕ್ರವು ಒಬ್ಬೊಬ್ಬರಲ್ಲಿ ಒಂದೊಂದು ಬಗೆಯಾಗಿದ್ದು, ಒಂದೇ ರಾತ್ರಿಯಲ್ಲಿಯೂ ೭೦ ನಿಮಿಷಗಳಿಂದ ೧೨೦ ನಿಮಿಷಗಳವರೆಗೆ ವ್ಯತ್ಯಾಸವಾಗಬಹುದು. ಬಾಲಕನ ಚಕ್ರವು ಸರಾಸರಿ ೧೦೦ ನಿಮಿಷಗಳದ್ದಾಗಿದ್ದರೆ ಐದು ಚಕ್ರಗಳಿಗೆ ೫೦೦ ನಿಮಿಷ, ಎಂದರೆ ೮ ಗಂಟೆ ೨೦ ನಿಮಿಷ ಬೇಕು. ಒಂದು ಚಕ್ರದಲ್ಲಿ ಹತ್ತೇ ನಿಮಿಷದ ವ್ಯತ್ಯಾಸವು ಬೆಳಗಾಗುವ ಹೊತ್ತಿಗೆ ಕೂಡಿ ಐವತ್ತು ನಿಮಿಷವಾಗುತ್ತದೆ. ಚಕ್ರದ ಕೊನೆಯೆಂದು ಎಣಿಸಿದ ೫:೩೦, ಅವನ ಪಾಲಿಗೆ ಚಕ್ರದ ನಡುವೆಯೇ ಆಗಿರಬಹುದು.

ಎರಡನೆಯದಾಗಿ, ಬೆಳಗಿನ ಜಾವದಲ್ಲಿ ಚಕ್ರದ ನಡುವೆ ಎದ್ದರೂ ಅಷ್ಟೊಂದು ಹಾನಿಯಿಲ್ಲ. ಗಾಢನಿದ್ರೆಯ ಪಾಲು ಮೊದಲೇ ಸಂದುಹೋಗಿರುವುದರಿಂದ ಆ ಹೊತ್ತಿನಲ್ಲಿ ಸಾಮಾನ್ಯವಾಗಿ ಲಘುನಿದ್ರೆಯೋ ಸ್ವಪ್ನನಿದ್ರೆಯೋ ನಡೆದಿರುತ್ತದೆ. ಹಲವು ರಾತ್ರಿ ನಿದ್ರೆಗೆಟ್ಟವನ ಸಂಗತಿ ಬೇರೆ. ಅವನ ಮಿದುಳು ಬಾಕಿಯನ್ನು ತೀರಿಸಿಕೊಳ್ಳಲು ಗಾಢನಿದ್ರೆಯನ್ನು ಹೆಚ್ಚಿಸಿಕೊಳ್ಳುತ್ತದೆ. ಅವನಿಗೆ ಯಾವ ಲೆಕ್ಕದಿಂದ ಎದ್ದರೂ ತಲೆ ಭಾರವೇ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಪರೀಕ್ಷೆ ಸಮೀಪಿಸಿದಾಗ ಬಾಲಕನು ರಾತ್ರಿ ೧೧:೦೦ರವರೆಗೆ ಓದಿ, ಮೂರು ಚಕ್ರಗಳು ಪೂರ್ಣವಾದರೆ ಸಾಕೆಂದು ೩:೩೦ಕ್ಕೆ ಅಲಾರಾಂ ಇಡುತ್ತಾನೆ. ಚಕ್ರಗಳು ಪೂರ್ಣವಾದವೆಂದ ಮಾತ್ರಕ್ಕೆ ನಿದ್ರೆಯು ಪೂರ್ಣವಾಗುವುದಿಲ್ಲ. ಕತ್ತರಿಸಿಹೋದದ್ದು ಬೆಳಗಿನ ಜಾವದ ಭಾಗವಾದುದರಿಂದ ಸ್ವಪ್ನನಿದ್ರೆಯ ಬಹುಪಾಲು ಅವನಿಗೆ ದೊರೆಯಲೇ ಇಲ್ಲ. ಕಲಿತದ್ದು ನೆನಪಿನಲ್ಲಿ ನೆಲೆಗೊಳ್ಳಲು ಇಡೀ ರಾತ್ರಿಯ ನಿದ್ರೆ ಬೇಕು. ಮೇಲಾಗಿ, ರೂಢಿಯ ಎಚ್ಚರಕ್ಕೆ ಎರಡು ಗಂಟೆ ಮುಂಚಿನ ಹೊತ್ತಿನಲ್ಲಿ ದೇಹದ ಉಷ್ಣತೆ ದಿನದಲ್ಲೇ ಅತ್ಯಂತ ಕೆಳಗಿರುತ್ತದೆ. ಆಗ ಎದ್ದವನಿಗೆ ಚಕ್ರ ಮುಗಿದಿದ್ದರೂ ಜಡತೆ ತಪ್ಪದು. ಪುಸ್ತಕದ ಮುಂದೆ ಕುಳಿತ ಎರಡು ಗಂಟೆಗಳಲ್ಲಿ ಒಂದೇ ಪುಟವನ್ನು ನಾಲ್ಕು ಬಾರಿ ಓದಿದ್ದೂ, ಮಧ್ಯಾಹ್ನದ ತರಗತಿಯಲ್ಲಿ ಕತ್ತು ವಾಲಿದ್ದೂ ಇದರ ಫಲ.

ಹದಿಮೂರರಿಂದ ಹದಿನೆಂಟು ವರ್ಷದವರಿಗೆ ದಿನಕ್ಕೆ ೮ರಿಂದ ೧೦ ಗಂಟೆಗಳ ನಿದ್ರೆ ಬೇಕೆಂದು ನಿದ್ರಾವೈದ್ಯರು ೨೦೧೬ರಲ್ಲಿ ಒಮ್ಮತದಿಂದ ಸೂಚಿಸಿದ್ದಾರೆ. ಇದರಲ್ಲಿ ತನ್ನ ಪಾಲು ಎಷ್ಟೆಂಬುದನ್ನು ವಿದ್ಯಾರ್ಥಿಯು ದಸರಾ ರಜೆಯಲ್ಲಿ ತಾನೇ ಕಂಡುಕೊಳ್ಳಬಹುದು. ಪ್ರತಿ ರಾತ್ರಿ ಒಂದೇ ಹೊತ್ತಿಗೆ ಮಲಗಿ, ಅಲಾರಾಂ ಇಲ್ಲದೆ ತಾನಾಗಿಯೇ ಎಚ್ಚರವಾದ ಹೊತ್ತನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮೊದಲ ನಾಲ್ಕೈದು ದಿನ ಹಳೆಯ ಬಾಕಿ ತೀರುವುದರಿಂದ ನಿದ್ರೆ ಹೆಚ್ಚಾಗಿರುತ್ತದೆ, ಅವನ್ನು ಬಿಟ್ಟುಬಿಡಬೇಕು. ಬಾಲಕನ ಕೊನೆಯ ಐದು ದಿನಗಳ ನಿದ್ರೆ ಕ್ರಮವಾಗಿ ೮ ಗಂಟೆ ೨೦ ನಿಮಿಷ, ೮:೧೦, ೮:೨೫, ೮:೦೫, ೮:೧೫ ಎಂದಿದ್ದರೆ ಸರಾಸರಿ ೮ ಗಂಟೆ ೧೫ ನಿಮಿಷ. ಇದೇ ಅವನ ನಿಜವಾದ ಅಳತೆ. ತೊಂಬತ್ತರಿಂದ ಭಾಗಿಸಿ ನೋಡಬೇಕಾದುದಿಲ್ಲ. ೫:೩೦ರಿಂದ ಇಷ್ಟನ್ನು ಕಳೆದರೆ ೯:೧೫. ನಿದ್ರೆ ಹತ್ತಲು ೧೫ ನಿಮಿಷ ಬಿಟ್ಟರೆ ದೀಪ ಆರಿಸಬೇಕಾದುದು ೯:೦೦ಕ್ಕೆ. ಸೂತ್ರವು ದೋಷವೆಂದು ಹೇಳಿದ ಹೊತ್ತೇ ಅವನಿಗೆ ಸರಿಯಾದ ಹೊತ್ತಾಯಿತು.

ಆದರೆ ೧೦:೩೦ಕ್ಕೆ ಮಲಗಿ ರೂಢಿಯಾದವನು ಒಮ್ಮೆಗೇ ೯:೦೦ಕ್ಕೆ ಮಲಗಿದರೆ ಹೊರಳಾಡುವುದಲ್ಲದೆ ಬೇರೆ ಫಲವಿಲ್ಲ. ಹದಿಹರೆಯದಲ್ಲಿ ದೇಹದ ಗಡಿಯಾರವು ಸ್ವಭಾವತಃ ತಡವಾಗಿ ನಿದ್ರೆಯನ್ನು ತರುತ್ತದೆ. ಆದುದರಿಂದ ಮೂರು ಮೂರು ದಿನಗಳಿಗೊಮ್ಮೆ ೧೫ ನಿಮಿಷದಂತೆ ಹಿಂದಕ್ಕೆ ಸರಿದರೆ ಆರು ಹೆಜ್ಜೆಗಳಲ್ಲಿ, ಎಂದರೆ ಹದಿನೆಂಟು ದಿನಗಳಲ್ಲಿ, ಗುರಿಯನ್ನು ಮುಟ್ಟಬಹುದು. ಏಳುವ ಹೊತ್ತು ಭಾನುವಾರದಲ್ಲಿಯೂ ಬಹಳ ಬದಲಾಗಬಾರದು. ಎದ್ದ ಮೇಲೆ ಬೆಳಕಿಗೆ ಮೈಯೊಡ್ಡುವುದೂ, ರಾತ್ರಿ ಫೋನಿನ ತೆರೆಯನ್ನೂ ಸಂಜೆಯ ಕಾಫಿಯನ್ನೂ ದೂರವಿಡುವುದೂ ಈ ಸರಿತಕ್ಕೆ ನೆರವಾಗುತ್ತವೆ. ಕಾಫಿಯ ನಾಡಿನಲ್ಲಿ ಈ ಕೊನೆಯದೇ ಕಠಿನ. ಸಂಜೆ ೪ ಗಂಟೆಗೆ ಕುಡಿದ ಕಾಫಿಯ ಸತ್ತ್ವದಲ್ಲಿ ಸುಮಾರು ಅರ್ಧದಷ್ಟು ರಾತ್ರಿ ೯ಕ್ಕೂ ರಕ್ತದಲ್ಲಿ ಉಳಿದಿರುತ್ತದೆ.

ಅಳತೆ ಸರಿಹೋಗಿದೆಯೆಂಬುದಕ್ಕೆ ಗುರುತುಗಳುಂಟು. ಅಲಾರಾಂ ಬಾರಿಸುವ ಮುನ್ನವೇ ಆಗಾಗ ಎಚ್ಚರವಾಗುವುದು, ಭಾನುವಾರ ಎರಡು ಗಂಟೆ ಹೆಚ್ಚು ಮಲಗಬೇಕೆನಿಸದಿರುವುದು, ಮಧ್ಯಾಹ್ನ ತೂಕಡಿಕೆ ಕಡಮೆಯಾಗುವುದು ಇವೇ ಆ ಗುರುತುಗಳು. ಸಾಕಷ್ಟು ಹೊತ್ತು ಮಲಗಿಯೂ ಬಹುದಿನ ತಲೆ ಭಾರವಾಗಿಯೇ ಇದ್ದರೆ, ಅಥವಾ ಗಟ್ಟಿಯಾದ ಗೊರಕೆಯ ನಡುವೆ ಉಸಿರು ಕಟ್ಟಿದಂತಾದರೆ, ಅದು ವೈದ್ಯರಿಗೆ ತೋರಿಸಬೇಕಾದ ವಿಷಯ. ಬೆಂಗಳೂರಿನ ನಿಮ್ಹಾನ್ಸಿನಂಥ ಸಂಸ್ಥೆಗಳಲ್ಲಿ ಇಡೀ ರಾತ್ರಿಯ ನಿದ್ರೆಯನ್ನು ತಂತಿಗಳ ಮೂಲಕ ದಾಖಲಿಸಿ ಪರೀಕ್ಷಿಸುವ ಏರ್ಪಾಡಿದೆ. ಕೈಗೆ ಕಟ್ಟುವ ಪಟ್ಟಿಗಳು ಮೈಯ ಚಲನೆಯಿಂದಲೂ ನಾಡಿಯಿಂದಲೂ ಚಕ್ರವನ್ನು ಊಹಿಸುತ್ತವೆಯೇ ಹೊರತು ಮಿದುಳನ್ನು ಅಳೆಯುವುದಿಲ್ಲ.

ಹಾಗಾದರೆ ತೊಂಬತ್ತರ ಲೆಕ್ಕವು ಉಪಯೋಗಕ್ಕೆ ಬರುವುದೆಲ್ಲಿ? ನಿದ್ರೆಯ ಮೊದಲ ಜಾವದಲ್ಲಿ. ಕೊಯ್ಲಿನ ಕಾಲದಲ್ಲಿ ಮನೆಯವರ ಕೆಲಸಕ್ಕೆ ಕೈಗೂಡಿಸಿ ದಣಿದು ಬಂದ ಬಾಲಕನು ರಜೆಯ ಮಧ್ಯಾಹ್ನ ಮಲಗುವುದಾದರೆ, ಗಾಢನಿದ್ರೆಗೆ ಇಳಿಯುವ ಮುನ್ನ ೨೦ ನಿಮಿಷಕ್ಕೆ ಏಳಬೇಕು, ಇಲ್ಲವೇ ಒಂದೂವರೆ ಗಂಟೆಯಷ್ಟು ಬಿಡುವಿಟ್ಟುಕೊಂಡು ಮಲಗಬೇಕು. ಮುಕ್ಕಾಲು ಗಂಟೆಗೆ ಎದ್ದರೆ ಊಟಕ್ಕೆ ಎಬ್ಬಿಸಿದ ಮಗುವಿನ ಪಾಡೇ ಅವನದೂ ಆಗುತ್ತದೆ. ರಾತ್ರಿಯ ನಿದ್ರೆಗಾದರೋ ೫:೩೦ರ ಏಳುವ ಹೊತ್ತು ಸ್ಥಿರವಾಗಿರಲಿ, ೯:೦೦ಕ್ಕೆ ದೀಪ ಆರಲಿ. ನಡುವಣ ಚಕ್ರಗಳನ್ನು ಎಣಿಸುವ ಕೆಲಸವನ್ನು ಮಿದುಳಿಗೇ ಬಿಡಬಹುದು.