‘ಹೌದು’ ಎಂಬ ಉತ್ತರ ಸಾಕೇ? ಹನಿ ನೀರಾವರಿ ಸಮೀಕ್ಷೆಗೆ ಪ್ರಶ್ನಾವಳಿ ತಯಾರಿಸುವ ಬಗೆ

ವಿಸ್ತರಣಾ ಶಿಕ್ಷಣದ ಯೋಜನೆಗಾಗಿ ನಮ್ಮ ಗುಂಪು ಆರಿಸಿಕೊಂಡ ವಿಷಯ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಸಣ್ಣ ರೈತರು ಕಬ್ಬಿಗೆ ಹನಿ ನೀರಾವರಿಯನ್ನು ಎಷ್ಟರ ಮಟ್ಟಿಗೆ ಅಳವಡಿಸಿಕೊಂಡಿದ್ದಾರೆ? ನಾವು ಬರೆದ ಮೊದಲ ಪ್ರಶ್ನೆ ಹೀಗಿತ್ತು: “ನೀರು ಉಳಿಸುವ ಆಧುನಿಕ ಹನಿ ನೀರಾವರಿ ಪದ್ಧತಿಯನ್ನು ನೀವು ಬಳಸುತ್ತೀರಾ? ಹೌದು / ಇಲ್ಲ.”

ಹಳ್ಳಿಗೆ ಹೋಗುವ ಮೊದಲು ಈ ಪ್ರಶ್ನೆಯನ್ನು ನಮ್ಮ ಚಾಚಾ ಅವರ ಮುಂದಿಟ್ಟೆ. ಅವರು ಥಟ್ಟನೆ “ಹೌದು ಬೇಟಾ, ಡ್ರಿಪ್ ಹಾಕಿಸಿದ್ದೀನಿ” ಎಂದರು. ನಾನು ‘ಹೌದು’ ಎಂದು ಗುರುತು ಹಾಕಿದೆ. ಆಮೇಲೆ ಚಹಾ ಕುಡಿಯುತ್ತ ಕುಳಿತಾಗ ಕಂಡದ್ದು, ಡ್ರಿಪ್ಪಿನ ಪೈಪುಗಳೆಲ್ಲ ಸುರುಳಿ ಸುತ್ತಿ ದನದ ಕೊಟ್ಟಿಗೆಯ ಮೂಲೆಯಲ್ಲಿವೆ. ಕಬ್ಬು ಕಡಿಯುವಾಗ ತೆಗೆದದ್ದು, ಕುಳೆ ಬೆಳೆಗೆ ಮತ್ತೆ ಹಾಸಿರಲಿಲ್ಲ. ಚಾಚಾ ಸುಳ್ಳು ಹೇಳಲಿಲ್ಲ. ನಾವು ಕೇಳಿದ ಪ್ರಶ್ನೆಯೇ ಸರಿ ಇರಲಿಲ್ಲ.

ಆ ಒಂದು ವಾಕ್ಯದಲ್ಲಿ ಮೂರು ದೋಷಗಳಿದ್ದವು. ‘ನೀರು ಉಳಿಸುವ’, ‘ಆಧುನಿಕ’ ಎಂಬ ಮಾತುಗಳು ಒಳ್ಳೆಯ ಉತ್ತರ ಯಾವುದೆಂದು ಮೊದಲೇ ಹೇಳಿಬಿಡುತ್ತವೆ. ಇಷ್ಟು ಹೊಗಳಿದ ವಸ್ತುವನ್ನು ‘ಇಲ್ಲ’ ಎನ್ನಲು ಯಾರಿಗಾದರೂ ಸಂಕೋಚ. ‘ಬಳಸುತ್ತೀರಾ’ ಎಂಬುದಕ್ಕೆ ಕಾಲದ ಮಿತಿಯಿಲ್ಲ: ಈ ವರ್ಷವೋ, ಎಂದಾದರೂ ಒಮ್ಮೆಯೋ? ಹೌದು-ಇಲ್ಲ ಎಂಬ ಎರಡೇ ಮನೆಗಳಿದ್ದರೆ, ಐದು ಗುಂಟೆಗೆ ಹಾಸಿದವನೂ ಪೂರ್ತಿ ಹೊಲಕ್ಕೆ ಹಾಸಿದವನೂ ಒಂದೇ ಮನೆಯಲ್ಲಿ ಕೂರುತ್ತಾರೆ.

ಈ ತೊಡಕು ಹೊಸದಲ್ಲ. ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮೆಕ್ಕೆಜೋಳದ ಬೀಜ ಹೇಗೆ ಹರಡಿತು ಎಂಬುದರ ಬಗ್ಗೆ ರಯಾನ್ ಮತ್ತು ಗ್ರಾಸ್ ಎಂಬ ಇಬ್ಬರು 1943ರಲ್ಲಿ ಅಧ್ಯಯನ ಪ್ರಕಟಿಸಿದರು. ಅವರು ಪರಿಶೀಲಿಸಿದ 259 ರೈತರಲ್ಲಿ ಇಬ್ಬರನ್ನು ಬಿಟ್ಟು ಉಳಿದವರೆಲ್ಲ ಆ ಬೀಜವನ್ನು ಅಳವಡಿಸಿಕೊಂಡಿದ್ದರು. ಬರೀ ಹೌದು-ಇಲ್ಲ ಎಂದು ಕೇಳಿದ್ದರೆ ಅಧ್ಯಯನ ಅಲ್ಲಿಗೇ ಮುಗಿಯುತ್ತಿತ್ತು. ಯಾವಾಗ ಕೇಳಿದಿರಿ, ಯಾವ ವರ್ಷ ಮೊದಲು ಬಿತ್ತಿದಿರಿ, ಎಷ್ಟು ಜಮೀನಿಗೆ ಎಂದು ವಿಚಾರಿಸಿದ್ದರಿಂದಲೇ ಯಾರು ಮೊದಲು, ಯಾರು ತಡವಾಗಿ ಬಂದರು ಎಂಬುದು ತಿಳಿಯಿತು. ವಿಸ್ತರಣಾ ಶಿಕ್ಷಣದಲ್ಲಿ ‘ಅಳವಡಿಕೆ’ ಎಂದರೆ ಒಂದು ಕ್ಷಣದ ಘಟನೆಯಲ್ಲ. ಅರಿವು, ಆಸಕ್ತಿ, ತೂಗಿ ನೋಡುವುದು, ಪ್ರಯೋಗ, ಪೂರ್ತಿ ಬಳಕೆ ಎಂಬ ಮೆಟ್ಟಿಲುಗಳು ಅದಕ್ಕಿವೆ. ಹತ್ತಿದವರು ಇಳಿದುಬಿಡುವುದೂ ಉಂಟು. ಅದನ್ನು ‘ಕೈಬಿಡುವಿಕೆ’ ಎನ್ನುತ್ತಾರೆ. ಚಾಚಾ ಆ ಗುಂಪಿನವರು.

ಹಾಗಾಗಿ ಒಂದು ಪ್ರಶ್ನೆಯನ್ನು ಒಡೆದು ಐದು ಮಾಡಿದೆವು:

1. ಈ ವರ್ಷ ನೀವು ಒಟ್ಟು ಎಷ್ಟು ಜಮೀನು ಸಾಗುವಳಿ ಮಾಡಿದ್ದೀರಿ? (ಸ್ವಂತ, ಲಾವಣಿ, ಪಾಲು ಸೇರಿಸಿ, ಎಕರೆ-ಗುಂಟೆಯಲ್ಲಿ)
2. ಅದರಲ್ಲಿ ಈಗ ಕಬ್ಬು ಎಷ್ಟಿದೆ? ನಾಟಿ ಎಷ್ಟು, ಕುಳೆ ಎಷ್ಟು?
3. ಕಬ್ಬಿಗೆ ಎಂದಾದರೂ ಡ್ರಿಪ್ ಹಾಸಿದ್ದುಂಟೇ? ಮೊದಲು ಹಾಸಿದ್ದು ಯಾವ ವರ್ಷ, ಎಷ್ಟು ಗುಂಟೆಗೆ?
4. ಇವತ್ತು ಎಷ್ಟು ಗುಂಟೆಗೆ ಡ್ರಿಪ್ಪಿನಿಂದ ನೀರು ಹೋಗುತ್ತಿದೆ?
5. ಮೊದಲಿಗಿಂತ ಕಡಿಮೆಯಾಗಿದ್ದರೆ, ಏನಾಯಿತು?

ಮೊದಲ ಪ್ರಶ್ನೆಯಲ್ಲಿ ‘ನಿಮ್ಮ ಹೆಸರಿನಲ್ಲಿ ಎಷ್ಟಿದೆ’ ಎಂದು ಕೇಳಿಲ್ಲ, ಏಕೆಂದರೆ ಉತಾರ ಇನ್ನೂ ತಂದೆಯ ಹೆಸರಿನಲ್ಲಿದ್ದು ಅಣ್ಣತಮ್ಮಂದಿರು ಬೇರೆ ಬೇರೆ ಉಳುವುದುಂಟು. ಕೃಷಿ ಗಣತಿಯ ಪ್ರಕಾರ ಒಂದು ಹೆಕ್ಟೇರಿಗಿಂತ ಕಡಿಮೆ ಇದ್ದರೆ ಅತಿ ಸಣ್ಣ, ಒಂದರಿಂದ ಎರಡು ಹೆಕ್ಟೇರಿನೊಳಗಿದ್ದರೆ ಸಣ್ಣ ಹಿಡುವಳಿ. ರೈತರು ಹೆಕ್ಟೇರಿನಲ್ಲಿ ಮಾತಾಡುವುದಿಲ್ಲ. ಒಂದು ಹೆಕ್ಟೇರ್ ಎಂದರೆ ಸುಮಾರು ಎರಡೂವರೆ ಎಕರೆ. ಆ ಲೆಕ್ಕ ನಮ್ಮ ಕೆಲಸ, ಅವರದಲ್ಲ.

ಈಗ ಒಂದು ಉದಾಹರಣೆಯನ್ನು ಲೆಕ್ಕ ಹಾಕೋಣ. ಒಬ್ಬ ರೈತನ ಸಾಗುವಳಿ 3 ಎಕರೆ 20 ಗುಂಟೆ. ಎಕರೆಗೆ 40 ಗುಂಟೆಯಂತೆ 140 ಗುಂಟೆ. ಕಬ್ಬು 2 ಎಕರೆ 10 ಗುಂಟೆ, ಅಂದರೆ 90 ಗುಂಟೆ. ಡ್ರಿಪ್ ಇರುವುದು 1 ಎಕರೆ 5 ಗುಂಟೆಗೆ, ಅಂದರೆ 45 ಗುಂಟೆ. ಕಬ್ಬಿನ ಜಮೀನಿಗೆ ಹೋಲಿಸಿದರೆ ಅಳವಡಿಕೆ 45 ÷ 90, ಶೇ. 50. ಒಟ್ಟು ಜಮೀನಿಗೆ ಹೋಲಿಸಿದರೆ 45 ÷ 140, ಸುಮಾರು ಶೇ. 32. ಹಳೆಯ ಪ್ರಶ್ನೆಯಲ್ಲಾದರೆ ಬರೀ ‘ಹೌದು’. ನಮ್ಮ ವಿಷಯ ಕಬ್ಬಾದ್ದರಿಂದ ಶೇ. 50 ಎಂಬುದೇ ಸರಿಯಾದ ಅಂಕಿ. ಯಾವುದರಿಂದ ಭಾಗಿಸುತ್ತೇವೆ ಎಂಬುದನ್ನು ಹಳ್ಳಿಗೆ ಹೋಗುವ ಮೊದಲೇ ತೀರ್ಮಾನಿಸಬೇಕು. ಇಲ್ಲದಿದ್ದರೆ ಆಮೇಲೆ ಚೆಂದ ಕಾಣುವ ಅಂಕಿಯನ್ನು ಆರಿಸುವ ಆಸೆ ಬರುತ್ತದೆ.

ವರ್ಷ ಕೇಳಿದಾಗ ಬಹಳ ಜನ “ಐದಾರು ವರ್ಷ ಆಯ್ತು” ಎನ್ನುತ್ತಾರೆ. ಅದನ್ನು ಹಾಗೇ ಬರೆದುಕೊಳ್ಳದೆ, “2019ರ ಮಹಾಪೂರಕ್ಕಿಂತ ಮೊದಲೋ, ನಂತರವೋ?” ಎಂದು ಕೇಳಬೇಕು. ಕೃಷ್ಣೆಯ ದಂಡೆಯವರು ಆ ಆಗಸ್ಟ್ ತಿಂಗಳನ್ನು ಮರೆತಿಲ್ಲ. ಅದರ ಹಿಂದೆ ಮುಂದೆ ಎಣಿಸಿದರೆ ವರ್ಷ ತಾನೇ ಸಿಗುತ್ತದೆ.

ಮಾತಿನ ವಿಷಯದಲ್ಲೂ ಎಚ್ಚರ ಬೇಕು. ನಾವು ‘ಹನಿ ನೀರಾವರಿ’ ಎಂದು ಬರೆದರೂ ಜನ ‘ಡ್ರಿಪ್’ ಎನ್ನುತ್ತಾರೆ, ಮರಾಠಿ ಮಾತಾಡುವ ಮನೆಗಳಲ್ಲಿ ‘ಠಿಬಕ್’. ಕೇಳುವವನು ಸ್ಥಳದಲ್ಲೇ ಮನಸ್ಸಿಗೆ ಬಂದಂತೆ ಅನುವಾದಿಸಿದರೆ, ನಿಪ್ಪಾಣಿಯ ಪ್ರಶ್ನೆ ಬೇರೆ, ರಾಯಬಾಗದ ಪ್ರಶ್ನೆ ಬೇರೆ ಆಗುತ್ತದೆ. ಆದ್ದರಿಂದ ಮರಾಠಿ, ಉರ್ದು ರೂಪಗಳನ್ನೂ ಮೊದಲೇ ಬರೆದುಕೊಳ್ಳಬೇಕು. ಕನ್ನಡ ಪ್ರಶ್ನೆಯನ್ನು ನೋಡದ ಇನ್ನೊಬ್ಬರಿಂದ ಅವನ್ನು ಮತ್ತೆ ಕನ್ನಡಕ್ಕೆ ತರಿಸಿ, ಅರ್ಥ ಅದೇ ಬಂತೇ ಎಂದು ಹೋಲಿಸಬೇಕು.

ಸಹಾಯಧನದ ಪ್ರಶ್ನೆ ಕೊನೆಗಿರಲಿ. ಸಹಾಯಧನ ಪಡೆದು ಪೈಪು ಸುತ್ತಿಟ್ಟವರಿಗೆ, ಕಾಗದ ಹಿಡಿದು ಬಂದ ನಾವು ತಪಾಸಣೆಯವರಂತೆ ಕಾಣಬಹುದು. ಆಗ ನಾಲ್ಕನೇ ಪ್ರಶ್ನೆಗೆ ಬರುವ ಉತ್ತರ ಹೆದರಿಕೆಯದು. ಹೆಸರು ಬರೆದುಕೊಳ್ಳುವುದಿಲ್ಲ ಎಂದು ಮೊದಲೇ ಹೇಳಬೇಕು. ಅವರು ಒಪ್ಪಿದರೆ ಹೊಲದ ತನಕ ನಡೆದು ಹೋಗಿ ನೋಡಬೇಕು. ಬದುವಿನ ಮೇಲೆ ನಿಂತು ನೋಡಿದ್ದನ್ನು ‘ಕಂಡದ್ದು’ ಎಂಬ ಬೇರೆ ಕಲಮಿನಲ್ಲಿ ಬರೆಯಬೇಕು. ‘ಹೇಳಿದ್ದು’ ಮತ್ತು ‘ಕಂಡದ್ದು’ ಪದೇ ಪದೇ ಹೊಂದದಿದ್ದರೆ ದೋಷ ನಮ್ಮ ಪ್ರಶ್ನೆಯಲ್ಲೇ ಇದೆ ಎಂದು ತಿಳಿಯಬೇಕು.

ಯಾರನ್ನು ಕೇಳಬೇಕು? ತಾಲ್ಲೂಕಿಗೆ ಎರಡು ಹಳ್ಳಿ: ಒಂದು ನದಿ ಅಥವಾ ಕಾಲುವೆ ನೀರಿನದು, ಇನ್ನೊಂದು ಬೋರ್‌ವೆಲ್ ನಂಬಿದ್ದು. ನೀರು ಹೇರಳವಾಗಿದ್ದವನಿಗೂ ಇಲ್ಲದವನಿಗೂ ಡ್ರಿಪ್ ಹಾಸುವ ಕಾರಣ ಒಂದೇ ಅಲ್ಲ. ಹಳ್ಳಿಗೆ 12 ಮನೆಯಂತೆ ಒಟ್ಟು 120 ಮನೆ. ಕಾರ್ಖಾನೆಯ ಸದಸ್ಯರ ಪಟ್ಟಿಯೊಂದರಿಂದಲೇ ಹೆಸರು ಆರಿಸಿದರೆ ಸದಸ್ಯರಲ್ಲದವರು, ಲಾವಣಿ ಮಾಡುವವರು ಬಿಟ್ಟುಹೋಗುತ್ತಾರೆ. ಹಳ್ಳಿಗಳ ಪಟ್ಟಿಯಲ್ಲೂ ಒಂದು ತೊಡಕಿದೆ. 2011ರ ಜನಗಣತಿಯಲ್ಲಿ ನಿಪ್ಪಾಣಿ, ಕಾಗವಾಡ ಎಂಬ ತಾಲ್ಲೂಕುಗಳೇ ಇಲ್ಲ. ಅವುಗಳ ಹಳ್ಳಿಗಳನ್ನು ಚಿಕ್ಕೋಡಿ ಮತ್ತು ಅಥಣಿಯ ಪಟ್ಟಿಯಲ್ಲಿ ಹುಡುಕಬೇಕು.

ಈ ಸಮೀಕ್ಷೆಗೆ ಮಿತಿಯೂ ಇದೆ. ತಾಲ್ಲೂಕಿಗೆ 24 ಮನೆಯಾದರೆ ಒಬ್ಬ ರೈತ ಎಂದರೆ ಶೇ. 4ಕ್ಕಿಂತ ಸ್ವಲ್ಪ ಹೆಚ್ಚು. ಇಬ್ಬರ ಉತ್ತರ ಬದಲಾದರೆ ಶೇ. 8ರ ವ್ಯತ್ಯಾಸ. ಆದ್ದರಿಂದ ‘ಅಥಣಿಗಿಂತ ರಾಯಬಾಗ ಮುಂದೆ’ ಎಂದು ಬರೆಯುವ ಹಕ್ಕು ನಮಗಿಲ್ಲ. ಆದರೆ ಡ್ರಿಪ್ ಹಾಸಿದವರು ಯಾಕೆ ತೆಗೆದರು ಎಂಬ ಕಾರಣಗಳನ್ನು ಬರೆಯಬಹುದು.

ಹೊಸ ಪ್ರಶ್ನಾವಳಿ ಹಿಡಿದು ಮತ್ತೆ ಚಾಚಾ ಬಳಿ ಹೋದೆ. ನಾಲ್ಕನೇ ಪ್ರಶ್ನೆಗೆ ‘ಸೊನ್ನೆ’ ಎಂದರು. ಐದನೆಯದಕ್ಕೆ ಅರ್ಧ ಗಂಟೆ ಮಾತಾಡಿದರು: ಇಲಿ ಕಡಿದ ಪೈಪು, ಕಟ್ಟಿಕೊಂಡ ಹನಿ ರಂಧ್ರಗಳು, ಮತ್ತೆ ಹಾಸಲು ಸಿಗದ ಆಳು. ಅವರು ಹೇಳಿದ್ದು ನಾವು ಬಿಟ್ಟಿದ್ದ ಎರಡು ಗೆರೆಗಳಲ್ಲಿ ಹಿಡಿಯಲಿಲ್ಲ. ಈಗ ಐದನೇ ಪ್ರಶ್ನೆಯ ಕೆಳಗೆ ಅರ್ಧ ಪುಟ ಖಾಲಿ ಬಿಟ್ಟಿದ್ದೇವೆ.