ಅಂಗಡಿ ಬೋರ್ಡಿನಲ್ಲಿ ಕನ್ನಡ ಯಾಕೆ ಸಣ್ಣಗೆ ಕಾಣುತ್ತದೆ? ಹಂತ ಹಂತವಾಗಿ ಸರಿಪಡಿಸುವ ಬಗೆ

ಗೊರಗುಂಟೆಪಾಳ್ಯದಲ್ಲಿ ತುಮಕೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಕಡೆ ಸರ್ವಿಸ್ ರಸ್ತೆಯಲ್ಲಿ ನಿಂತು ಅಂಗಡಿ ಬೋರ್ಡುಗಳನ್ನು ನೋಡಿ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಿದ್ದುಪಡಿಯಾಗಿ, ನಾಮಫಲಕದ ಶೇ. 60ರಷ್ಟು ಕನ್ನಡವಿರಬೇಕು, ಅದು ಮೇಲರ್ಧದಲ್ಲಿರಬೇಕು ಎಂಬ ನಿಯಮ ಬಂದ ಮೇಲೆ ಕನ್ನಡದ ಸಾಲು ಮೇಲಕ್ಕೇರಿದೆ. ಆದರೂ ಎಷ್ಟೋ ಬೋರ್ಡುಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಕೆಳಗಿನ ಇಂಗ್ಲಿಷೇ. ಕನ್ನಡಕ್ಕೆ ಜಾಗ ಕೊಟ್ಟಿದ್ದಾರೆ, ಅಕ್ಷರಕ್ಕೆ ಗಾತ್ರ ಕೊಟ್ಟಿಲ್ಲ. ಇನ್ನು ಕೆಲವು ಕಡೆ ಕನ್ನಡವನ್ನು ಎಳೆದು ಹಿಗ್ಗಿಸಿ ಜಾಗ ತುಂಬಿಸಿದ್ದಾರೆ, ಓದಲು ಹೋದರೆ ಅಕ್ಷರ ಸೊಟ್ಟಗಾಗಿದೆ.

ಇದನ್ನು ಸರಿಪಡಿಸಲು ದುಬಾರಿ ತಂತ್ರಾಂಶ ಬೇಡ. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್ ಸಾಕು. ಉದಾಹರಣೆಗೆ 10 ಅಡಿ ಅಗಲ, 3 ಅಡಿ ಎತ್ತರದ ಒಂದು ಬೋರ್ಡ್ ಇಟ್ಟುಕೊಳ್ಳೋಣ. ಹೆಸರು ‘ಕಾವೇರಿ ಎಲೆಕ್ಟ್ರಿಕಲ್ಸ್’. ಇದು ಅಭ್ಯಾಸಕ್ಕೆಂದು ಆರಿಸಿಕೊಂಡ ಹೆಸರು, ಯಾವ ಅಂಗಡಿಯನ್ನೂ ಕುರಿತದ್ದಲ್ಲ. ಬೇಕೆಂದೇ ಈ ಹೆಸರು ಆರಿಸಿದ್ದೇನೆ. ‘ಕ್ಟ್ರಿ’ಯಲ್ಲಿ ಎರಡು ಒತ್ತು, ‘ಲ್ಸ್’ನಲ್ಲಿ ಇನ್ನೊಂದು. ಬೋರ್ಡ್ ಬರೆಯುವವರಿಗೆ ತಲೆನೋವು ತರುವುದು ಇಂಥವೇ.

ಹಂತ 1: ಹಳೆಯ ಫೈಲ್ ತೆರೆದು ನೋಡಿ

ಬೋರ್ಡ್ ಮಾಡಿಕೊಟ್ಟವರಿಂದ ಮೂಲ ಫೈಲ್ ಕೇಳಿ ತೆಗೆದುಕೊಳ್ಳಿ. ಹೆಚ್ಚಾಗಿ ಅದು ಕೋರೆಲ್‌ಡ್ರಾ ಫೈಲ್ ಆಗಿರುತ್ತದೆ. ಕನ್ನಡದ ಸಾಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಂಡರೆ ಅದನ್ನು ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ್ದಾರೆ, ಆ ಫಾಂಟ್ ನಿಮ್ಮಲ್ಲಿಲ್ಲ ಎಂದರ್ಥ. ಅಕ್ಷರಗಳು ಸರಿಯಾಗಿ ಕಂಡರೂ ತಿದ್ದಲು ಬಾರದಿದ್ದರೆ ಅವನ್ನು ಆಗಲೇ ಗೆರೆಗಳಾಗಿ ಬದಲಿಸಿದ್ದಾರೆ. ಎರಡೂ ಸಂದರ್ಭದಲ್ಲಿ ತೇಪೆ ಹಾಕುತ್ತ ಕೂರಬೇಡಿ. ಹೆಸರನ್ನು ಯೂನಿಕೋಡ್‌ನಲ್ಲಿ ಹೊಸದಾಗಿ ಟೈಪ್ ಮಾಡಿ.

ಕೋರೆಲ್‌ಡ್ರಾದ ಹಳೆಯ ಆವೃತ್ತಿಗಳು ಯೂನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸುವುದಿಲ್ಲ. ಒತ್ತು ಒಂದು ಕಡೆ, ಗುಣಿತ ಒಂದು ಕಡೆ ಚೆಲ್ಲಾಡುತ್ತವೆ. ಹಾಗಾಗಿ ಅಕ್ಷರ ಜೋಡಿಸುವ ಕೆಲಸ ಇಂಕ್‌ಸ್ಕೇಪ್‌ನಲ್ಲಿ ಮುಗಿಸಿ, ಕೊನೆಯಲ್ಲಿ ಗೆರೆಗಳನ್ನಷ್ಟೇ ಅವರಿಗೆ ಕೊಡುವುದು ಮೇಲು.

ಹಂತ 2: ಎರಡು ಲಿಪಿಗೂ ಒಂದೇ ಕುಟುಂಬದ ಫಾಂಟ್

ಏಕ್ ಟೈಪ್ ಸಂಸ್ಥೆಯ ‘ಅನೇಕ್ ಕನ್ನಡ’ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಗೂಗಲ್ ಫಾಂಟ್ಸ್‌ನಲ್ಲಿ `Anek Kannada` ಎಂದು ಹುಡುಕಿದರೆ ಉಚಿತವಾಗಿ ಸಿಗುತ್ತದೆ, ವ್ಯಾಪಾರಕ್ಕೂ ಬಳಸಬಹುದು. ಅದರಲ್ಲಿ ಕನ್ನಡದ ಜೊತೆ ಅದಕ್ಕೆ ಹೊಂದುವ ಇಂಗ್ಲಿಷ್ ಅಕ್ಷರಗಳೂ ಇವೆ. ತೀರಾ ತೆಳುವಿನಿಂದ ತೀರಾ ದಪ್ಪದವರೆಗೆ ಎಂಟು ತೂಕಗಳಿವೆ, ಇಕ್ಕಟ್ಟು ಮತ್ತು ಅಗಲದ ರೂಪಗಳೂ ಇವೆ. ಈ ಆಯ್ಕೆಗಳಿದ್ದರೆ ಅಕ್ಷರವನ್ನು ಎಳೆದು ಹಿಗ್ಗಿಸುವ ಪ್ರಮೇಯವೇ ಬರುವುದಿಲ್ಲ.

ಹಂತ 3: ಗಾತ್ರದ ಸಂಖ್ಯೆ ನಂಬಬೇಡಿ, ಒಡಲು ಅಳೆಯಿರಿ

ಈ ಲೇಖನದಲ್ಲಿ ಒಂದೇ ಒಂದು ಹಂತ ನೆನಪಿಡುವುದಾದರೆ ಇದನ್ನು ನೆನಪಿಡಿ. ಎರಡೂ ಸಾಲಿಗೆ ಫಾಂಟ್ ಗಾತ್ರ 100 ಎಂದು ಕೊಟ್ಟರೆ ಎರಡೂ ಒಂದೇ ಎತ್ತರಕ್ಕೆ ಬರುವುದಿಲ್ಲ. ಆ ಸಂಖ್ಯೆ ಅಕ್ಷರ ಕೂರುವ ಚೌಕದ್ದು, ಅಕ್ಷರದ್ದಲ್ಲ. ಕನ್ನಡದ ಚೌಕದಲ್ಲಿ ಮೇಲೆ ಗುಡಿಸು, ಏತ್ವಗಳಿಗೂ ಕೆಳಗೆ ಒತ್ತಕ್ಷರಗಳಿಗೂ ಜಾಗ ಬಿಟ್ಟಿರಬೇಕು. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಆ ಹಂಗಿಲ್ಲ. ಅಡಿಯಿಂದ ಮುಡಿಯವರೆಗೆ ನೆಟ್ಟಗೆ ನಿಲ್ಲುತ್ತವೆ.

ಆದ್ದರಿಂದ ಅಳೆಯಬೇಕಾದ್ದು ಅಕ್ಷರದ ಒಡಲನ್ನು. ಕನ್ನಡದಲ್ಲಿ ಅದು ‘ಕ’ ಅಕ್ಷರದ ಬುಡದಿಂದ ತಲೆಕಟ್ಟಿನ ಮೇಲಂಚಿನವರೆಗೆ. ಇಂಗ್ಲಿಷಿನಲ್ಲಿ ‘E’ಯ ಪೂರ್ತಿ ಎತ್ತರ. ಇಂಕ್‌ಸ್ಕೇಪ್‌ನಲ್ಲಿ ಒಂಟಿ ‘ಕ’ ಟೈಪ್ ಮಾಡಿ, `Path > Object to Path` ಒತ್ತಿ. ಅಳತೆಯನ್ನು ಇಂಚಿಗೆ ಬದಲಿಸಿಕೊಂಡರೆ ಮೇಲಿನ ಪಟ್ಟಿಯಲ್ಲಿ `H` ಎದುರು ಕಾಣುವುದೇ ಒಡಲಿನ ಎತ್ತರ. ನಿಮಗೆ 10 ಇಂಚು ಬೇಕು, ಬಂದದ್ದು 5 ಇಂಚು ಎಂದಾದರೆ ಫಾಂಟ್ ಗಾತ್ರವನ್ನು ಎರಡರಷ್ಟು ಮಾಡಿ. ‘E’ಗೂ ಹೀಗೇ ಮಾಡಿ.

ಹಂತ 4: ಬೋರ್ಡಿನ ಎತ್ತರ ಹಂಚಿ

ಇಂಕ್‌ಸ್ಕೇಪ್‌ನಲ್ಲಿ ಪುಟದ ಅಳತೆಯನ್ನು ನಿಜವಾದ ಗಾತ್ರಕ್ಕೇ, ಅಂದರೆ 120 ಇಂಚು ಅಗಲ, 36 ಇಂಚು ಎತ್ತರಕ್ಕೆ ಇಡಿ. 36ರ ಶೇ. 60 ಎಂದರೆ 21.6 ಇಂಚು. ಮೇಲಿನಿಂದ ಅಷ್ಟು ಕೆಳಗೆ ಒಂದು ಅಡ್ಡ ಮಾರ್ಗದರ್ಶಿ ಗೆರೆ ಎಳೆಯಿರಿ. ಈ ಗೆರೆಯ ಮೇಲಿನದು ಪೂರ್ತಿ ಕನ್ನಡಕ್ಕೆ.

ಈಗ ಮೇಲೆ 3 ಇಂಚು ಖಾಲಿ ಬಿಡಿ. ಗುಡಿಸು, ಏತ್ವಗಳು ತಲೆಕಟ್ಟಿನ ಮೇಲೆ ಚಾಚುವುದಕ್ಕೆ ಒಂದೂವರೆ ಇಂಚು ಹಿಡಿಯಿರಿ. ಆಮೇಲೆ ಒಡಲು 10 ಇಂಚು. ‘ಕ್ಟ್ರಿ’ ಮತ್ತು ‘ಲ್ಸ್’ ಒತ್ತುಗಳಿಗೆ ಕೆಳಗೆ ಸುಮಾರು ಐದೂವರೆ ಇಂಚು. ಅಲ್ಲಿಗೆ 20 ಇಂಚಾಯಿತು, ಗೆರೆಯ ಒಳಗೇ ಉಳಿದೆವು. ಫಾಂಟ್ ಬದಲಾದರೆ ಒತ್ತಿನ ಇಳಿತವೂ ಬದಲಾಗುತ್ತದೆ. ನಿಮ್ಮ ಪರದೆಯಲ್ಲಿ ಅಳೆದು ನೋಡಿ.

ಇಂಗ್ಲಿಷಿನ ಎತ್ತರ ಎಷ್ಟಿರಲಿ? ಕನ್ನಡದ ಒಡಲಿನ ಶೇ. 60ರ ಆಸುಪಾಸು, ಅಂದರೆ ಇಲ್ಲಿ 6 ಇಂಚು. ಪೂರ್ತಿ ದೊಡ್ಡಕ್ಷರಗಳ ಸಾಲು ಗೋಡೆಯಂತೆ ಒತ್ತೊತ್ತಾಗಿ ನಿಲ್ಲುವುದರಿಂದ ಅಷ್ಟೇ ಎತ್ತರದ ಕನ್ನಡಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಒಡಲಿನ ಎತ್ತರ ಸಮ ಮಾಡಿದರೂ ಇಂಗ್ಲಿಷೇ ಗೆಲ್ಲುತ್ತದೆ ಎಂಬುದು ಪರದೆಯ ಮೇಲೆ ಎರಡನ್ನೂ ಇಟ್ಟು ನೋಡಿದರೆ ತಕ್ಷಣ ತಿಳಿಯುತ್ತದೆ.

ಈ ಅಳತೆಯಲ್ಲಿ ಕನ್ನಡದ ಸಾಲು ಸುಮಾರು 103 ಇಂಚು ಉದ್ದ, ಇಂಗ್ಲಿಷ್ ಸುಮಾರು 94 ಇಂಚು ಉದ್ದ ಬಂತೆಂದುಕೊಳ್ಳಿ. ಕನ್ನಡ 103 ಗುಣಿಸು 10, ಅಂದರೆ 1030 ಚದರ ಇಂಚು. ಇಂಗ್ಲಿಷ್ 94 ಗುಣಿಸು 6, ಅಂದರೆ 564. ಒತ್ತು, ಗುಡಿಸುಗಳನ್ನು ಬಿಟ್ಟು ಬರೀ ಒಡಲನ್ನು ಹಿಡಿದರೂ ಅಕ್ಷರಗಳಲ್ಲಿ ಕನ್ನಡದ ಪಾಲು ಶೇ. 64 ದಾಟುತ್ತದೆ. ನಾನು ಯಾವಾಗಲೂ ಹೀಗೆ ಕಟ್ಟುನಿಟ್ಟಾಗಿಯೇ ಲೆಕ್ಕ ಹಾಕುತ್ತೇನೆ. ಜಾಗವನ್ನಷ್ಟೇ ಎಣಿಸಿದರೆ ಕನ್ನಡದ ಸುತ್ತ ಖಾಲಿ ಬಿಟ್ಟೂ ಶೇ. 60 ತೋರಿಸಬಹುದು.

ಇಂಗ್ಲಿಷ್ ಸಾಲನ್ನು ಮೇಲಿನಿಂದ 22.5 ಇಂಚಿಗೆ ಆರಂಭಿಸಿ. ಅದಕ್ಕಿಂತ ಮೇಲೆ ತಂದರೆ ಒತ್ತುಗಳಿಗೆ ತಾಗುವಂತಾಗುತ್ತದೆ. ಇನ್ನೂ ಕೆಳಗಿಳಿಸಿದರೆ ಒತ್ತಿಲ್ಲದ ‘ಕಾವೇರಿ’ಯ ಕೆಳಗೆ ದೊಡ್ಡ ಬಯಲು ಬಿದ್ದು ಎರಡು ಸಾಲು ಬೇರೆ ಬೇರೆ ಅಂಗಡಿಯವು ಅನ್ನಿಸುತ್ತವೆ. ತಳದಲ್ಲಿ ಉಳಿಯುವ ಪಟ್ಟಿ ಫೋನ್ ನಂಬರಿಗೆ.

ಹಂತ 5: ದಪ್ಪ ಸರಿದೂಗಿಸಿ

ಗಾತ್ರ ಸರಿಯಾದ ಮೇಲೂ ಒಂದು ಸಾಲು ಕಪ್ಪಗೆ, ಇನ್ನೊಂದು ಸಾಲು ತೆಳ್ಳಗೆ ಕಾಣಬಹುದು. ಈ ಸಲ ಅಳೆಯಬೇಕಾದ್ದು ಎಳೆಯ ದಪ್ಪ: ಇಂಗ್ಲಿಷಿನ ‘L’ನ ನೆಟ್ಟನೆಯ ಕಂಬ ಮತ್ತು ಕನ್ನಡದ ‘ಕ’ದ ಪಕ್ಕದ ಬಾಗು. ‘L’ 1.1 ಇಂಚು ಇದ್ದರೆ ‘ಕ’ 1.2ರಿಂದ 1.3 ಇಂಚು ಇರಲಿ. ಕನ್ನಡ ಯಾವ ಕಾರಣಕ್ಕೂ ಇಂಗ್ಲಿಷಿಗಿಂತ ತೆಳ್ಳಗಿರಬಾರದು. ಎರಡಕ್ಕೂ `Bold` ಕೊಟ್ಟಾಗ, ಕನ್ನಡದ ಗಾತ್ರ ದೊಡ್ಡದಿರುವುದರಿಂದ ಅದರ ಎಳೆ ಇನ್ನೂ ದಪ್ಪಗಾಗಿ ಒತ್ತುಗಳ ಒಳಗಿನ ಬಿಳಿ ಮುಚ್ಚುತ್ತ ಬರಬಹುದು. ಆಗ ಕನ್ನಡವನ್ನು ಒಂದು ಮೆಟ್ಟಿಲು ಇಳಿಸಿ `SemiBold` ಮಾಡಿ.

ದಪ್ಪ ಬೇಕೆಂದು ಅಕ್ಷರದ ಸುತ್ತ ಅದೇ ಬಣ್ಣದ ಔಟ್‌ಲೈನ್ ಕೊಡುವ ರೂಢಿ ಬಹಳ ಕಡೆ ಇದೆ. ದಯವಿಟ್ಟು ಹಾಗೆ ಮಾಡಬೇಡಿ. ‘ದ’ಕ್ಕೂ ‘ಧ’ಕ್ಕೂ, ‘ಡ’ಕ್ಕೂ ‘ಢ’ಕ್ಕೂ ಇರುವ ವ್ಯತ್ಯಾಸ ಬುಡದ ಒಂದು ಸಣ್ಣ ಸೀಳು. ಔಟ್‌ಲೈನ್ ಅದನ್ನೇ ಮೊದಲು ನುಂಗುತ್ತದೆ. ದೂರದಿಂದ ನೋಡಿದವರಿಗೆ ‘ಧನಲಕ್ಷ್ಮಿ’ ‘ದನಲಕ್ಷ್ಮಿ’ಯಾಗಿ ಕಾಣುತ್ತದೆ.

ಹೆಸರು ಉದ್ದವಾಗಿ ಅಗಲಕ್ಕೆ ಹೊಂದದಿದ್ದರೂ ಪಕ್ಕದ ಅಂಚು ಹಿಡಿದು ಅಗಲವನ್ನಷ್ಟೇ ಕುಗ್ಗಿಸಬೇಡಿ. ಕುಗ್ಗಿಸಿದಾಗ ನೆಟ್ಟ ಎಳೆ ತೆಳ್ಳಗಾಗಿ, ತಲೆಕಟ್ಟಿನ ಅಡ್ಡ ಎಳೆ ಮಾತ್ರ ದಪ್ಪವೇ ಉಳಿಯುತ್ತದೆ. ಬದಲಿಗೆ `SemiCondensed` ರೂಪ ಆರಿಸಿ, ಎರಡು ಸಾಲಿಗೂ ಅದನ್ನೇ ಬಳಸಿ.

ಹಂತ 6: ಎ4 ಹಾಳೆಯಲ್ಲಿ ಪರೀಕ್ಷೆ

ಚಿತ್ರವನ್ನು 10 ಇಂಚು ಅಗಲಕ್ಕೆ ಇಳಿಸಿ ಎ4 ಹಾಳೆಯಲ್ಲಿ ಅಡ್ಡಲಾಗಿ ಮುದ್ರಿಸಿ. ಈಗ ಒಂದಡಿ ಒಂದಿಂಚಾಗಿದೆ. ಹಾಳೆಯನ್ನು ಗೋಡೆಗೆ ಅಂಟಿಸಿ 5 ಅಡಿ ದೂರ ನಿಂತರೆ, ಬೋರ್ಡನ್ನು 60 ಅಡಿ ದೂರದಿಂದ ಕಂಡಂತೆ. ಸರ್ವಿಸ್ ರಸ್ತೆಯ ಆಚೆ ಬದಿಯಿಂದ ನೋಡುವವರಿಗೆ ಇಷ್ಟು ಸಾಕು. ಕಣ್ಣು ಅರೆಮುಚ್ಚಿ ನೋಡಿ: ಎರಡು ಸಾಲೂ ಒಂದೇ ಬೂದು ಬಣ್ಣಕ್ಕೆ ತಿರುಗಬೇಕು, ಮೇಲಿನದು ತುಸು ಎದ್ದು ಕಾಣಬೇಕು. ಆಮೇಲೆ ಪಕ್ಕಕ್ಕೆ ಸರಿದು ಓರೆಯಿಂದಲೂ ನೋಡಿ. ತುಮಕೂರು ರಸ್ತೆಯಲ್ಲಿ ಬರುವವರು ಬೋರ್ಡನ್ನು ನೇರವಾಗಿ ನೋಡುವುದು ಅಪರೂಪ, ಮೆಟ್ರೊ ಕಂಬಗಳ ಸಂದಿಯಿಂದ ಓರೆಯಾಗಿಯೇ ನೋಡುತ್ತಾರೆ. ಓರೆಯಲ್ಲಿ ಅಕ್ಷರಗಳು ಒಂದಕ್ಕೊಂದು ಅಂಟಿದಂತೆ ಕಂಡರೆ ಅಕ್ಷರಗಳ ನಡುವಿನ ಜಾಗ ಸ್ವಲ್ಪ ಹೆಚ್ಚಿಸಿ.

ಹಂತ 7: ಫೈಲ್ ಕೊಡುವ ಮುನ್ನ

ತಿದ್ದಲು ಬರುವ ಒಂದು ಪ್ರತಿಯನ್ನು ನಿಮ್ಮ ಹತ್ತಿರ ಉಳಿಸಿಕೊಳ್ಳಿ. ಇನ್ನೊಂದು ಪ್ರತಿಯಲ್ಲಿ ಎಲ್ಲ ಅಕ್ಷರಗಳನ್ನೂ `Object to Path` ಮಾಡಿ, `Ungroup` ಮಾಡಿ, ಒಂದೊಂದು ಅಕ್ಷರಕ್ಕೂ `Path > Union` ಒತ್ತಿ. ಫ್ಲೆಕ್ಸ್ ಮುದ್ರಣಕ್ಕೆ ಇದು ಅಷ್ಟು ಮುಖ್ಯವಲ್ಲ. ವಿನೈಲ್ ಅಥವಾ ಅಕ್ರಿಲಿಕ್ ಕತ್ತರಿಸುವುದಾದರೆ ಬಿಡುವಂತಿಲ್ಲ: ಅಕ್ಷರದ ಭಾಗಗಳು ಒಂದರ ಮೇಲೊಂದು ಬಿದ್ದಿದ್ದರೆ ಯಂತ್ರ ಒಳಗಿನ ಗೆರೆಯನ್ನೂ ಕತ್ತರಿಸಿ ಗುಣಿತವನ್ನು ಅಕ್ಷರದಿಂದ ಬೇರ್ಪಡಿಸುತ್ತದೆ.

ಒಳಗೆ ದೀಪವಿರುವ ಅಕ್ಷರಗಳಾದರೆ ಒತ್ತಿನ ಅತಿ ಕಿರಿದಾದ ಎಳೆಯ ಅಳತೆಯನ್ನೂ ಬರೆದು ಕೊಡಿ. ಎಲ್‌ಇಡಿ ಮಾಡ್ಯೂಲ್ ಅದರೊಳಗೆ ಕೂರದಿದ್ದರೆ ರಾತ್ರಿ ಒಡಲು ಮಾತ್ರ ಬೆಳಗಿ ಒತ್ತು ಕತ್ತಲಲ್ಲಿ ಉಳಿಯುತ್ತದೆ. ಅಂಥ ಕಡೆ ಕನ್ನಡದ ತೂಕವನ್ನು ಒಂದು ಮೆಟ್ಟಿಲು ಏರಿಸಿ, ಒತ್ತಿನ ಒಳಗಿನ ಬಿಳಿ ಎಳೆಯ ಅರ್ಧದಷ್ಟಾದರೂ ಉಳಿದಿದೆಯೇ ಎಂದು ಮತ್ತೆ ಅಳೆಯಿರಿ. ಉಳಿಯದಿದ್ದರೆ ದೀಪವನ್ನು ಅಕ್ಷರದೊಳಗೆ ಇಡುವುದು ಬಿಟ್ಟು, ಬೋರ್ಡಿನ ಮೇಲಿಂದ ಬೆಳಕು ಬೀಳುವಂತೆ ಮಾಡಿಸಿ.